ದೇಹತೂಕದ ಬಗ್ಗೆ ಬಂಧುಗಳ ಟೀಕೆ

ದೇಹತೂಕದ ಬಗ್ಗೆ ಬಂಧುಗಳ ಟೀಕೆ ಎಂದರೆ ಮದುವೆ, ಕುಬಸ, ತೊಟ್ಟಿಲು, ಗೃಹಪ್ರವೇಶ, ಜಾತ್ರೆ ಮುಂತಾದ ಸಂದರ್ಭಗಳಲ್ಲಿ ನೆಂಟರು ಒಬ್ಬರ ಮೈಕಟ್ಟನ್ನು ಕಂಡು ಎಲ್ಲರ ಎದುರಿಗೆ ಆಡುವ ಮಾತು. ದಪ್ಪಗಾಗಿರುವುದನ್ನು ಎತ್ತಿ ಆಡುವುದೂ ಸೊರಗಿರುವುದನ್ನು ಎತ್ತಿ ಆಡುವುದೂ ಇದರಲ್ಲಿ ಸೇರುತ್ತವೆ. ಇಂತಹ ಮಾತು ಕೇಳಿದವರು ಎಚ್ಚೆತ್ತು ಆರೋಗ್ಯ ಸುಧಾರಿಸಿಕೊಳ್ಳುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಇದುವರೆಗಿನ ಅಧ್ಯಯನಗಳು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಚಿತ್ರವನ್ನು ನೀಡುತ್ತವೆ. ಈ ಲೇಖನವು ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಕೌಟುಂಬಿಕ ಜೀವನದ ಹಿನ್ನೆಲೆಯಲ್ಲಿ ಈ ವಿಷಯವನ್ನು ವಿವರಿಸುತ್ತದೆ.

## ಸಾಮಾಜಿಕ ಹಿನ್ನೆಲೆ

ಈ ಐದೂ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆಯಾಶ್ರಿತ ಬೇಸಾಯವೇ ಹೆಚ್ಚಾಗಿರುವ ಈ ಸೀಮೆ ಹಿಂದಿನ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದು, 1876-78ರ ಮಹಾಕ್ಷಾಮವೂ ಸೇರಿದಂತೆ ಅನೇಕ ಬರಗಳನ್ನು ಕಂಡಿದೆ. ಹೊಟ್ಟೆತುಂಬ ಊಟ ಸಿಗುವುದೇ ಸುಖದ ಗುರುತಾಗಿದ್ದ ಇಂತಹ ನಾಡಿನಲ್ಲಿ ಮೈತುಂಬಿಕೊಂಡವರು ಸುಖವಾಗಿದ್ದಾರೆ, ಸೊರಗಿದವರು ಕಷ್ಟದಲ್ಲಿದ್ದಾರೆ ಎಂದು ತಿಳಿಯುವುದು ಸಹಜವಾಗಿತ್ತು. ತವರಿಗೆ ಬಂದ ಮಗಳನ್ನು ಕಂಡು "ಎಷ್ಟು ಸೊರಗೀಯವ್ವ, ಗಂಡನ ಮನ್ಯಾಗ ಉಣ್ಣಾಕ ಹಾಕಲ್ಲೇನು?" ಎಂದು ಕೇಳುವ ಹಿರಿಯರ ಮಾತಿನಲ್ಲಿ ಆಕೆಯ ತೂಕಕ್ಕಿಂತ ಆಕೆಯ ಸಂಸಾರದ ಬಗೆಗಿನ ಕಳವಳವೇ ಮುಖ್ಯ.

ಇತ್ತೀಚಿನ ದಶಕಗಳಲ್ಲಿ ಇದರ ಜೊತೆಗೆ ತೆಳ್ಳಗಿರಬೇಕೆಂಬ ಇನ್ನೊಂದು ಅಳತೆಗೋಲು ಬಂದು ಸೇರಿದೆ. ಹೆಣ್ಣು ನೋಡುವ ಶಾಸ್ತ್ರ, ಮದುವೆಯ ಛಾಯಾಚಿತ್ರ, ದೂರದರ್ಶನ ಮತ್ತು ಮೊಬೈಲುಗಳು ಅದನ್ನು ಬೆಳೆಸಿವೆ. ಹೀಗಾಗಿ ಒಂದೇ ಮನೆಯಲ್ಲಿ ಒಬ್ಬಳಿಗೆ "ಕಡ್ಡಿ" ಎಂದೂ ಮತ್ತೊಬ್ಬಳಿಗೆ "ಡುಮ್ಮಿ" ಎಂದೂ ಅಡ್ಡಹೆಸರು ಬೀಳುವುದುಂಟು. ಬೆಂಗಳೂರು ಮೊದಲಾದ ಊರುಗಳಲ್ಲಿ ದುಡಿಯುವವರು ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವಕ್ಕೋ ಭರತ ಹುಣ್ಣಿಮೆಯ ಕಾಲದ ಮೈಲಾರ ಜಾತ್ರೆಗೋ ವರ್ಷಕ್ಕೊಮ್ಮೆ ಊರಿಗೆ ಬಂದಾಗ, ನೆಂಟರು ಅವರನ್ನು ಹಿಂದಿನ ವರ್ಷದ ನೆನಪಿನೊಡನೆ ಹೋಲಿಸಿ ನೋಡುತ್ತಾರೆ. ದಿನವೂ ಕಾಣುವವರ ಗಮನಕ್ಕೆ ಬಾರದ ಬದಲಾವಣೆ ಇವರ ಕಣ್ಣಿಗೆ ಬೀಳುವುದರಿಂದ ಮೊದಲ ಮಾತೇ ಮೈಕಟ್ಟಿನದ್ದಾಗುತ್ತದೆ.

## ಕಣ್ಣಳತೆಯ ಮಿತಿಗಳು

ಕಣ್ಣಿಗೆ ಕಾಣುವ ಗಾತ್ರವು ಆರೋಗ್ಯದ ನಿಖರವಾದ ಅಳತೆಯಲ್ಲ. ವೈದ್ಯರು ಮೊದಲ ಹಂತದಲ್ಲಿ ಬಳಸುವುದು ದೇಹತೂಕ ಸೂಚ್ಯಂಕವನ್ನು (ಬಿಎಂಐ). ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಭಾರತೀಯರಿಗಾಗಿ 2009ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಪ್ರಕಾರ 23ರಿಂದ ಮೇಲೆ ಅಧಿಕ ತೂಕ, 25ರಿಂದ ಮೇಲೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು.

ಈ ಸೂಚ್ಯಂಕಕ್ಕೂ ಮಿತಿಯಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೊಡನೆ 2004ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹವನ್ನೇ ಹೋಲಿಸಿ ತೋರಿಸಿದರು. ಇಬ್ಬರ ಸೂಚ್ಯಂಕವೂ 22.3 ಆಗಿತ್ತು. ಆದರೆ ದೇಹದ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2 ಇತ್ತು. ತೆಳ್ಳಗೆ ಕಾಣುವ ಭಾರತೀಯನಲ್ಲಿ ಒಳಗೊಳಗೇ ಕೊಬ್ಬು ಹೆಚ್ಚಿರಬಹುದು ಎಂಬುದಕ್ಕೆ ಇದು ಪ್ರಸಿದ್ಧ ಉದಾಹರಣೆ. ಆದ್ದರಿಂದ ಕೂಟದಲ್ಲಿ "ದಪ್ಪ" ಎನಿಸಿಕೊಂಡವರ ರಕ್ತದ ಸಕ್ಕರೆ ಸರಿಯಾಗಿದ್ದು, "ಮೈಕಟ್ಟು ಚೆನ್ನಾಗಿದೆ" ಎನಿಸಿಕೊಂಡವರಿಗೆ ಮಧುಮೇಹ ಇರುವುದು ಅಸಾಧ್ಯವಲ್ಲ. ರಕ್ತಹೀನತೆಯಂತೂ ದಪ್ಪಗಿರುವವರಲ್ಲೂ ತೆಳ್ಳಗಿರುವವರಲ್ಲೂ ಕಂಡುಬರುತ್ತದೆ.

## ಪ್ರೇರಣೆಯ ಮೇಲಿನ ಪರಿಣಾಮ

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಪ್ರೇರಣೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದ್ದಾರೆ. ಮೊದಲನೆಯದು ತನಗೇ ಬೇಕೆನಿಸಿ ಮಾಡುವುದು. ಎರಡನೆಯದು ನಾಚಿಕೆ, ಭಯ ಅಥವಾ ಇತರರ ಒತ್ತಾಯದಿಂದ ಮಾಡುವುದು. ಎರಡನೆಯ ಬಗೆಯ ಪ್ರೇರಣೆ ಕೆಲವು ದಿನ ಕೆಲಸ ಮಾಡಿಸಿದರೂ ಒತ್ತಡ ಸರಿದೊಡನೆ ಕುಗ್ಗುತ್ತದೆ. ನೆಂಟರ ಟೀಕೆಯಿಂದ ಹುಟ್ಟುವ ಹಟ ಸಾಮಾನ್ಯವಾಗಿ ಈ ಬಗೆಯದು. ಮದುವೆ ಮುಗಿದ ವಾರ ಊಟ ಬಿಟ್ಟು, ಮರುವಾರ ಮೊದಲಿನಂತಾಗುವುದು ಇದರ ಪರಿಚಿತ ರೂಪ.

ನಾಚಿಕೆಗೆ ಇನ್ನೊಂದು ಗುಣವಿದೆ. ಅದು ಮನುಷ್ಯನನ್ನು ಇತರರ ಕಣ್ಣಿನಿಂದ ಮರೆಯಾಗುವಂತೆ ಮಾಡುತ್ತದೆ. ನಡಿಗೆ, ಓಟ, ಆಟಗಳೆಲ್ಲ ನಾಲ್ಕು ಜನರ ಎದುರಿಗೆ ನಡೆಯುವಂಥವು. ಅದರಲ್ಲೂ ಚಿಕ್ಕ ಊರಿನಲ್ಲಿ ಹೆಂಗಸೊಬ್ಬಳು ಬೆಳಗ್ಗೆ ರಸ್ತೆಯಲ್ಲಿ ನಡೆದರೆ ಅದನ್ನು ಎಲ್ಲರೂ ಗಮನಿಸುತ್ತಾರೆ. ಹಾಗಾಗಿ ಟೀಕೆಗೆ ಒಳಗಾದವರು ಮೊದಲು ಕೈಬಿಡುವುದು ವ್ಯಾಯಾಮವನ್ನೇ. ಲೆನ್ನಿ ವಾರ್ಟಾನಿಯನ್ ಮತ್ತು ಜಾಕ್ವೆಲಿನ್ ಶಾಪ್ರೊ 2008ರಲ್ಲಿ ಕಾಲೇಜು ವಿದ್ಯಾರ್ಥಿನಿಯರಲ್ಲಿ ನಡೆಸಿದ ಅಧ್ಯಯನದಲ್ಲಿ, ತೂಕದ ಕಾರಣ ಹೆಚ್ಚು ಹೀಯಾಳಿಕೆ ಅನುಭವಿಸಿದವರಲ್ಲಿ ವ್ಯಾಯಾಮವನ್ನು ತಪ್ಪಿಸಿಕೊಳ್ಳುವ ಮನೋಭಾವ ಹೆಚ್ಚಾಗಿರುವುದು ಕಂಡುಬಂದಿತು.

## ಆರೋಗ್ಯದ ಮೇಲಿನ ಪರಿಣಾಮ

ಜೆಫ್ರಿ ಹಂಗರ್ ಮತ್ತು ಜಾನೆಟ್ ತೋಮಿಯಾಮಾ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ಬಾಲಕಿಯರನ್ನು ಕುರಿತದ್ದು. ಹತ್ತನೆಯ ವಯಸ್ಸಿನಲ್ಲಿ "ನೀನು ತೀರ ದಪ್ಪ" ಎಂದು ಯಾರಿಂದಲಾದರೂ ಹೇಳಿಸಿಕೊಂಡವರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಬೊಜ್ಜು ಬಂದಿರುವ ಸಾಧ್ಯತೆ ಇತರರಿಗಿಂತ ಹೆಚ್ಚಾಗಿತ್ತು. ಆರಂಭದ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಮಾತು ಮನೆಯವರಿಂದ ಬಂದಿದ್ದರೆ ಸಂಬಂಧ ಇನ್ನಷ್ಟು ಬಲವಾಗಿತ್ತು. ಆಂಜೆಲಿನಾ ಸುಟಿನ್ ಮತ್ತು ಆಂಟೋನಿಯೊ ಟೆರಾಚಿಯಾನೊ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಕಾರಣ ತಾರತಮ್ಯ ಅನುಭವಿಸಿದ ವಯಸ್ಕರು ನಾಲ್ಕು ವರ್ಷಗಳಲ್ಲಿ ಬೊಜ್ಜಿಗೆ ಒಳಗಾಗುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು.

ಇದಕ್ಕೆ ತೋಮಿಯಾಮಾ ಒಂದು ವರ್ತುಲದ ವಿವರಣೆ ನೀಡಿದ್ದಾರೆ. ಅವಮಾನವು ಮನಸ್ಸಿಗೆ ಒತ್ತಡ ತರುತ್ತದೆ, ಒತ್ತಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚುತ್ತದೆ, ಅದು ಸಿಹಿ ಮತ್ತು ಎಣ್ಣೆಯ ತಿನಿಸುಗಳ ಬಯಕೆಯನ್ನು ಕೆರಳಿಸುತ್ತದೆ, ತೂಕ ಏರುತ್ತದೆ, ಮತ್ತೆ ಟೀಕೆ ಬರುತ್ತದೆ. ಮೇಲಿನ ಅಧ್ಯಯನಗಳು ವಿದೇಶದವು ಎಂಬುದನ್ನೂ, ಅವು ಎರಡು ಸಂಗತಿಗಳ ನಡುವಿನ ಸಂಬಂಧವನ್ನು ತೋರಿಸುತ್ತವೆಯೇ ಹೊರತು ಟೀಕೆಯೊಂದೇ ಕಾರಣವೆಂದು ಸಾಧಿಸುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಸೊರಗಿದವರ ಮೇಲಿನ ಟೀಕೆಯೂ ನಿರುಪದ್ರವಿಯಲ್ಲ. ಸ್ವಭಾವತಃ ತೆಳ್ಳಗಿರುವ ಯುವಕರು ಬೇಗ ಮೈ ಬರಲೆಂದು ವೈದ್ಯರ ಸಲಹೆಯಿಲ್ಲದೆ ಪುಡಿ, ಮಾತ್ರೆಗಳಿಗೆ ಮೊರೆಹೋಗುವುದುಂಟು. ದಪ್ಪಗಾಗಲೆಂದು ನೀಡುವ ಕೆಲವು ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇದ್ದರೆ ಮುಖ ಊದಿಕೊಂಡು, ರಕ್ತದ ಸಕ್ಕರೆ ಏರಿ, ಮೂಳೆ ದುರ್ಬಲವಾಗುತ್ತದೆ.

## ಒಂದು ಉದಾಹರಣೆ

ಪರಿಣಾಮ ಹೇಗೆ ಬೆಳೆಯುತ್ತದೆ ಎಂಬುದನ್ನು ತಿಳಿಯಲು ಒಬ್ಬ ಬಾಣಂತಿಯ ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಆಕೆಯ ಎತ್ತರ 152 ಸೆಂ.ಮೀ. ಗರ್ಭಿಣಿಯಾಗುವ ಮುನ್ನ 52 ಕಿ.ಗ್ರಾಂ ಇದ್ದವಳು ಹೆರಿಗೆಯಾದ ಐದು ತಿಂಗಳಿಗೆ 58 ಕಿ.ಗ್ರಾಂ ಇದ್ದಾಳೆ. ಸೂಚ್ಯಂಕ 22.5ರಿಂದ 25.1ಕ್ಕೆ ಏರಿದೆ. ತವರಿನ ಬಾಣಂತನದಲ್ಲಿ ತುಪ್ಪ, ಅಂಟಿನುಂಡೆ ತಿನ್ನಿಸಿದವರೂ, ಹೊರಗೆ ಓಡಾಡಬೇಡವೆಂದು ಕೂರಿಸಿದವರೂ ಬಂಧುಗಳೇ. ಜಾತ್ರೆಗೆ ಬಂದಾಗ "ಗುರುತೇ ಸಿಗಲಿಲ್ಲ, ಹಿಂಗ ಆದ್ರ ಹೆಂಗವ್ವ" ಎಂದು ಪಂಕ್ತಿಯಲ್ಲಿ ಹೇಳಿ ನಗುವವರೂ ಅವರೇ.

ಆಕೆ ಅಂದು ಎಲ್ಲರೊಡನೆ ಕೂತು ಒಂದೇ ರೊಟ್ಟಿ ತಿಂದು ಏಳುತ್ತಾಳೆ. ಮಧ್ಯಾಹ್ನದ ಹಸಿವು ಸಂಜೆಗೆ ಬೆಳೆದು, ಎಲ್ಲರೂ ಮಲಗಿದ ಮೇಲೆ ಉಳಿದ ಹೋಳಿಗೆಯನ್ನು ಅಡುಗೆಮನೆಯಲ್ಲಿ ನಿಂತೇ ತಿನ್ನುತ್ತಾಳೆ. ಮರುದಿನದಿಂದ ಬೆಳಗಿನ ಉಪಾಹಾರ ಬಿಡುತ್ತಾಳೆ. ಓಣಿಯ ನಡಿಗೆಯನ್ನೂ ನಿಲ್ಲಿಸುತ್ತಾಳೆ. ಎದೆಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 500ರಿಂದ 600 ಕಿಲೋಕ್ಯಾಲೊರಿ ಹೆಚ್ಚಿನ ಆಹಾರ ಬೇಕಾಗಿರುವ ಕಾಲವಿದು. ಕೆಲವೇ ತಿಂಗಳಲ್ಲಿ ಆಕೆಗೆ ಆಯಾಸ, ಸಿಡುಕು ಹೆಚ್ಚುತ್ತವೆ. ತೂಕ ಮಾತ್ರ ಇಳಿಯುವುದಿಲ್ಲ. ನೆಂಟರು ಅದನ್ನು ಸೋಮಾರಿತನವೆಂದು ತಿಳಿಯುತ್ತಾರೆ. ಹೆರಿಗೆಯ ನಂತರ ಕೆಲವರಲ್ಲಿ ಥೈರಾಯ್ಡ್ ಗ್ರಂಥಿಯ ಸ್ರಾವ ಕುಗ್ಗಿ ಇದೇ ಬಗೆಯ ಆಯಾಸ ಮತ್ತು ತೂಕದ ಏರಿಕೆ ಉಂಟಾಗುತ್ತದೆ ಎಂಬುದು ರಕ್ತಪರೀಕ್ಷೆಯಿಂದಲೇ ತಿಳಿಯಬೇಕಾದ ಸಂಗತಿ.

ಇದೇ ಮನೆಯಲ್ಲಿ ಯಾರೂ ತೂಕದ ಮಾತೆತ್ತದೆ, ಸಂಜೆ ಅರ್ಧಗಂಟೆ ಮಗುವನ್ನು ಅತ್ತೆ ಎತ್ತಿಕೊಂಡು, ನಾದಿನಿಯೂ ಆಕೆಯೊಡನೆ ನಡೆಯಲು ಹೊರಟರೆ ಆಕೆಗೆ ಇಲ್ಲದಿದ್ದ ಎರಡು ಅನುಕೂಲಗಳು ಸಿಗುತ್ತವೆ: ಸಮಯ ಮತ್ತು ಜೊತೆ.

## ತೊಂದರೆಯನ್ನು ಗುರುತಿಸುವುದು

ಒಬ್ಬರು ಕೂಟಗಳನ್ನು ನೆಪ ಹೇಳಿ ತಪ್ಪಿಸಿಕೊಳ್ಳುವುದು, ಎಲ್ಲರೆದುರು ಉಣ್ಣದೆ ಗುಟ್ಟಾಗಿ ತಿನ್ನುವುದು, ಊಟವಾದೊಡನೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುವುದು, ಛಾಯಾಚಿತ್ರಕ್ಕೆ ನಿಲ್ಲಲು ಒಪ್ಪದಿರುವುದು, ಮುಟ್ಟು ನಿಲ್ಲುವಷ್ಟು ಊಟ ಬಿಡುವುದು, ಬದುಕೇ ಬೇಡವೆಂಬ ಮಾತಾಡುವುದು ಎಚ್ಚರಿಕೆಯ ಗುರುತುಗಳು. ಇಂತಹವರಿಗೆ ವೈದ್ಯರ ನೆರವು ಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೂ ಉಚಿತವಾಗಿ ಮಾತನಾಡಬಹುದು.

## ಬಂಧುಗಳ ಕಾಳಜಿ ಮತ್ತು ಮಾತಿನ ರೀತಿ

ವರ್ಷಕ್ಕೊಮ್ಮೆ ಕಾಣುವವರ ಕಣ್ಣು ಕೆಲವೊಮ್ಮೆ ನಿಜವಾದ ಕಾಯಿಲೆಯನ್ನು ಹಿಡಿಯುತ್ತದೆ. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದಲ್ಲಿ ಶೇ. 5ರಷ್ಟು, ಅಂದರೆ 60 ಕಿ.ಗ್ರಾಂ ಇದ್ದವರಲ್ಲಿ 3 ಕಿ.ಗ್ರಾಂ ಇಳಿದರೆ ಕ್ಷಯ, ಮಧುಮೇಹ, ಥೈರಾಯ್ಡ್ ಮುಂತಾದವುಗಳಿಗಾಗಿ ಪರೀಕ್ಷೆ ಅಗತ್ಯ. ಆದ್ದರಿಂದ ಬಂಧುಗಳು ಸುಮ್ಮನಿರಬೇಕೆಂಬುದು ಇದರ ಅರ್ಥವಲ್ಲ. ಪಂಕ್ತಿಯಲ್ಲಿ ಹೇಳುವ ತೀರ್ಪಿಗೂ, ಒಬ್ಬರೇ ಇದ್ದಾಗ "ಈಚೆಗೆ ಮೈಗೆ ಹುಷಾರಿಲ್ಲವೇ, ಹಸಿವು, ನಿದ್ದೆ ಸರಿ ಇದೆಯೇ?" ಎಂದು ಕೇಳುವ ಪ್ರಶ್ನೆಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ನಗುವುದನ್ನು ಬಿಟ್ಟರೆ ಉತ್ತರವಿಲ್ಲ. ಎರಡನೆಯದು ಕಷ್ಟ ಹೇಳಿಕೊಳ್ಳಲು ಅವಕಾಶ ಕೊಡುತ್ತದೆ.

ಮನೆಯವರ ಮಾತಿನ ವಿಷಯವೂ ಮುಖ್ಯ. ಜೆರಿಕಾ ಬರ್ಜ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂದೆತಾಯಿ ತೂಕದ ಬಗ್ಗೆ ಮಾತನಾಡುವ ಮನೆಗಳ ಹದಿಹರೆಯದವರಲ್ಲಿ ಅಪಾಯಕರ ಉಪವಾಸದಂತಹ ಅಭ್ಯಾಸಗಳು ಹೆಚ್ಚಾಗಿದ್ದವು. ಒಳ್ಳೆಯ ಆಹಾರದ ಬಗ್ಗೆ ಮಾತ್ರ ಮಾತನಾಡುವ ಮನೆಗಳಲ್ಲಿ ಅವು ಕಡಿಮೆಯಿದ್ದವು. ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪನ್ನು ಇಡೀ ಮನೆಗೆ ಬಡಿಸುವುದು, ಒಬ್ಬರ ತಟ್ಟೆಯನ್ನಷ್ಟೇ ನೋಡದಿರುವುದು ಈ ದೃಷ್ಟಿಯಿಂದ ಸರಿಯಾದ ಕ್ರಮ. ನಿಜವಾದ ಅಳತೆ ಬೇಕಾದವರು, ವಿಶೇಷವಾಗಿ 30 ವರ್ಷ ದಾಟಿದವರು, ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು.