ಎಸ್ಸೆಸ್ಸೆಲ್ಸಿ ಮಕ್ಕಳ ಫೋನ್‌ಗೆ ಟೈಮರ್ ಹಾಕಿದ್ರೆ ಸಾಕಾ? ಬೀಗ ಹಾಕೋದು ಹೇಗೆ? ಇಲ್ಲಿದೆ ಮಾಹಿತಿ

ಫೋನ್ ಕೊಟ್ರೆ ಓದಲ್ಲ, ಕಿತ್ಕೊಂಡ್ರೆ ಊಟ ಮಾಡಲ್ಲ. ಹತ್ತನೇ ತರಗತಿ ಮಕ್ಕಳಿರುವ ಮನೆಗಳಲ್ಲಿ ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ಕೇಳಿಬರುವ ಮಾತಿದು. ಪೂರ್ತಿ ಕಿತ್ತುಕೊಳ್ಳೋಣ ಅಂದರೆ ಶಾಲೆಯ ನೋಟ್ಸ್ ಬರುವುದು ವಾಟ್ಸಾಪ್ ಗ್ರೂಪಿಗೆ, ಗಣಿತದ ಪಾಠ ಇರುವುದು ಯೂಟ್ಯೂಬ್‌ನಲ್ಲಿ, ಮಾದರಿ ಪ್ರಶ್ನೆಪತ್ರಿಕೆ ಸಿಗುವುದು ಪರೀಕ್ಷಾ ಮಂಡಳಿಯ ವೆಬ್‌ಸೈಟ್‌ನಲ್ಲಿ. ಹೀಗಾಗಿ ಓದಿಗೆ ಬೇಕಾದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ತಡೆಯುವ ದಾರಿ ಬೇಕು. ಆಂಡ್ರಾಯ್ಡ್ ಫೋನ್‌ಗಳಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಯಾವ ಸಾಧನ ಎಷ್ಟು ಕೆಲಸ ಮಾಡುತ್ತದೆ ಎಂಬುದು ಗೊತ್ತಿರಬೇಕು.

ಫೋನಿನಲ್ಲೇ ಇರುವ ಟೈಮರ್

ಫೋನಿನ Settings ತೆರೆದರೆ Digital Wellbeing & parental controls ಎಂಬ ಆಯ್ಕೆ ಸಿಗುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬದಲಾಗಬಹುದು. ಅದರೊಳಗಿನ Dashboard ನಲ್ಲಿ ಯಾವ ದಿನ ಯಾವ ಆ್ಯಪ್ ಎಷ್ಟು ಹೊತ್ತು ಬಳಕೆಯಾಗಿದೆ ಎಂಬ ಲೆಕ್ಕ ಇರುತ್ತದೆ. ಅಲ್ಲೇ ಆ್ಯಪ್‌ಗೆ ಟೈಮರ್ ಹಾಕಬಹುದು. ಉದಾಹರಣೆಗೆ ಇನ್‌ಸ್ಟಾಗ್ರಾಂಗೆ 20 ನಿಮಿಷ ಇಟ್ಟರೆ, ಅಷ್ಟು ಮುಗಿದ ಮೇಲೆ ಆ್ಯಪ್ ಮಧ್ಯರಾತ್ರಿಯವರೆಗೆ ತೆರೆಯುವುದಿಲ್ಲ.

ತೊಂದರೆ ಇರುವುದು ಇಲ್ಲೇ. ಟೈಮರ್ ಹಾಕಿದ್ದು ಯಾವ ಫೋನಿನಲ್ಲೋ, ತೆಗೆಯುವುದೂ ಅದೇ ಫೋನಿನಲ್ಲಿ. ಪಾಸ್‌ವರ್ಡ್ ಏನೂ ಕೇಳುವುದಿಲ್ಲ. ಹಾಗಾಗಿ ಇದು ಬೀಗವಲ್ಲ, ಅಲಾರಂ ಅಷ್ಟೇ. ತಾನೇ ಕಡಿಮೆ ಮಾಡಬೇಕು ಅಂದುಕೊಂಡಿರುವ ಹುಡುಗ, ಹುಡುಗಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಥವರು ಓದುವ ಹೊತ್ತಿಗೆ Focus mode ಹಾಕಿಕೊಂಡರೆ ಆರಿಸಿದ ಆ್ಯಪ್‌ಗಳು ನಿಲ್ಲುತ್ತವೆ, ಅವುಗಳ ನೋಟಿಫಿಕೇಶನ್ ಕೂಡ ಬರುವುದಿಲ್ಲ. ಮನಸ್ಸಿಲ್ಲದವರಿಗೆ ಮಾತ್ರ ಎರಡೂ ಎರಡು ನಿಮಿಷದ ಕೆಲಸ.

ಕೀಲಿ ಪೋಷಕರ ಕೈಯಲ್ಲಿ

ಬೀಗವೇ ಬೇಕೆಂದರೆ ಗೂಗಲ್‌ನ Family Link ಬಳಸಬೇಕು. ಇದನ್ನು ಅಪ್ಪ ಅಥವಾ ಅಮ್ಮನ ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದ ಹಾಕಿಕೊಂಡು, ಮಗುವಿನ ಜಿಮೇಲ್ ಖಾತೆಗೆ ಜೋಡಿಸಬೇಕು. ಮಗುವಿನ ಫೋನಿನಲ್ಲಿ Digital Wellbeing ಒಳಗಿನ Parental controls ಒತ್ತಿದರೆ ಹಂತಗಳು ಒಂದೊಂದಾಗಿ ಬರುತ್ತವೆ. ಈ ವಯಸ್ಸಿನ ಮಕ್ಕಳ ಒಪ್ಪಿಗೆಯೂ ಬೇಕಾಗುವುದರಿಂದ ಇಬ್ಬರೂ ಎದುರುಬದುರು ಕೂತೇ ಮಾಡಬೇಕು. ಕದ್ದು ಹಾಕುವ ಸಾಧನ ಇದಲ್ಲ.

ಬಹಳ ಮನೆಗಳಲ್ಲಿ ಕೆಲಸ ನಿಲ್ಲುವುದು ಮೊದಲ ಹೆಜ್ಜೆಯಲ್ಲೇ. ಫೋನ್ ಕೊಂಡಾಗ ಅಂಗಡಿಯಲ್ಲಿ ಅಪ್ಪನ ಜಿಮೇಲ್ ಹಾಕಿಕೊಟ್ಟಿರುತ್ತಾರೆ, ಮಗ ಅದರಲ್ಲೇ ಮುಂದುವರಿದಿರುತ್ತಾನೆ. ಹಾಗಿದ್ದರೆ ಮೊದಲು ಆ ಖಾತೆ ತೆಗೆದು, ಮಗನ ಸರಿಯಾದ ಹುಟ್ಟಿದ ದಿನಾಂಕದೊಂದಿಗೆ ಅವನದೇ ಖಾತೆ ಹಾಕಬೇಕು. ತೆಗೆಯುವ ಮುಂಚೆ ಫೋಟೊ, ಕಾಂಟ್ಯಾಕ್ಟ್ ಉಳಿಸಿಕೊಳ್ಳುವುದು ಮರೆಯಬೇಡಿ.

ಒಂದು ಲೆಕ್ಕ ನೋಡೋಣ

ಸ್ವಂತ ಫೋನ್ ಇರುವ ಒಬ್ಬ ಹತ್ತನೇ ತರಗತಿ ಹುಡುಗನ Dashboard ಹೀಗಿದೆ ಎಂದುಕೊಳ್ಳಿ: ದಿನಕ್ಕೆ ಯೂಟ್ಯೂಬ್ 85 ನಿಮಿಷ, ಇನ್‌ಸ್ಟಾಗ್ರಾಂ 50, ಗೇಮ್ 35, ವಾಟ್ಸಾಪ್ 30. ಒಟ್ಟು 3 ಗಂಟೆ 20 ನಿಮಿಷ.

Family Link ನಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ಮಿತಿ ಇಡಬಹುದು. ಗೇಮ್ ಪರೀಕ್ಷೆ ಮುಗಿಯುವವರೆಗೆ ಬಂದ್. ಇನ್‌ಸ್ಟಾಗ್ರಾಂ 20 ನಿಮಿಷ. ಯೂಟ್ಯೂಬ್‌ನಲ್ಲಿ ಪಾಠವೂ ಇರುವುದರಿಂದ 45 ನಿಮಿಷ. ಶಾಲೆಯ ಗ್ರೂಪ್ ಇರುವ ಕಾರಣ ವಾಟ್ಸಾಪ್‌ಗೆ ಮಿತಿ ಬೇಡ. ಇದರ ಜೊತೆಗೆ Downtime ಎಂಬಲ್ಲಿ ರಾತ್ರಿ 10 ರಿಂದ ಬೆಳಿಗ್ಗೆ 6 ಎಂದು ಇಟ್ಟರೆ ಆ ಹೊತ್ತಿನಲ್ಲಿ ಫೋನ್ ಲಾಕ್ ಆಗಿರುತ್ತದೆ. ಲಾಕ್ ಆದಾಗಲೂ ತುರ್ತು ಕರೆ ಮಾಡಬಹುದು.

ಒಂದು ವಾರ ಬಿಟ್ಟು ಮತ್ತೆ ಲೆಕ್ಕ ನೋಡಿದಾಗ ಯೂಟ್ಯೂಬ್ 45, ಇನ್‌ಸ್ಟಾಗ್ರಾಂ 20 ಎಂದೇ ಇದೆ. ಆದರೆ ಮೊದಲು ದಿನಕ್ಕೆ 5 ನಿಮಿಷ ಇದ್ದ ಕ್ರೋಮ್ 55 ನಿಮಿಷಕ್ಕೆ ಏರಿದೆ. ಅಂದರೆ ಆ್ಯಪ್ ಮುಚ್ಚಿದ ಮೇಲೆ ಅದೇ ಯೂಟ್ಯೂಬ್ ಬ್ರೌಸರ್‌ನಲ್ಲಿ ಓಡುತ್ತಿದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಇದಕ್ಕೆ Family Link ನಲ್ಲಿ ಕ್ರೋಮ್‌ನ ಸೆಟ್ಟಿಂಗ್‌ಗೆ ಹೋಗಿ, ತಡೆಯಬೇಕಾದ ಸೈಟ್‌ಗಳ ಪಟ್ಟಿಗೆ youtube.com ಮತ್ತು instagram.com ಸೇರಿಸಬೇಕು. ಈ ತಡೆ ಕ್ರೋಮ್‌ಗೆ ಮಾತ್ರ ಅನ್ವಯಿಸುತ್ತದೆ. ಫೋನಿನಲ್ಲಿ ಬೇರೆ ಬ್ರೌಸರ್ ಇದ್ದರೆ ಅದನ್ನು ಆ್ಯಪ್ ಪಟ್ಟಿಯಲ್ಲೇ ಬ್ಲಾಕ್ ಮಾಡಿ. ಕೆಲವು ಫೋನ್‌ಗಳಲ್ಲಿ ಒಂದೇ ಆ್ಯಪ್‌ನ ಎರಡನೇ ಪ್ರತಿ ಮಾಡಿಕೊಳ್ಳುವ ಸೌಲಭ್ಯ ಇದೆ, ಅದನ್ನೂ ಒಮ್ಮೆ ನೋಡಿ. ವಾಟ್ಸಾಪ್ ನಿಮಿಷ ಏಕಾಏಕಿ ದುಪ್ಪಟ್ಟಾದರೆ ಸ್ಟೇಟಸ್, ಚಾನೆಲ್‌ಗಳಲ್ಲಿ ವಿಡಿಯೊ ನೋಡುತ್ತಿರುವ ಸಾಧ್ಯತೆ ಹೆಚ್ಚು.

ಪೋಷಕರು ಮಾಡಿದ ಬದಲಾವಣೆ ಮಗುವಿನ ಫೋನಿಗೆ ತಲುಪಲು ಅಲ್ಲಿ ಇಂಟರ್ನೆಟ್ ಆನ್ ಇರಬೇಕು. ಅಜ್ಜಿಯ ಫೋನ್, ಪಕ್ಕದ ಮನೆ ಗೆಳೆಯನ ಫೋನ್ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಅಂಗಡಿ, ಮನೆಗೆ ಒಂದೇ ಫೋನ್ ಇದ್ದರೆ

ಹಗಲು ಅಂಗಡಿಯಲ್ಲಿ ಯುಪಿಐಗೆ ಬಳಕೆಯಾಗಿ, ರಾತ್ರಿ ಮಗಳ ಕೈಗೆ ಹೋಗುವ ಫೋನ್‌ಗೆ Family Link ಹೊಂದುವುದಿಲ್ಲ. ಖಾತೆ ಅಪ್ಪನದ್ದಾಗಿರುತ್ತದೆ. ಅಲ್ಲಿ ಅನುಕೂಲಕ್ಕೆ ಬರುವುದು App pinning. Settings ನ ಸೆಕ್ಯೂರಿಟಿ ವಿಭಾಗದಲ್ಲಿ ಇದನ್ನು ಆನ್ ಮಾಡಿ, ಹೊರಬರುವಾಗ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ. ನಂತರ ನೋಟ್ಸ್‌ನ ಪಿಡಿಎಫ್ ತೆರೆದು, ಇತ್ತೀಚೆಗೆ ಬಳಸಿದ ಆ್ಯಪ್‌ಗಳ ಪರದೆಯಲ್ಲಿ ಅದರ ಐಕಾನ್ ಒತ್ತಿ Pin ಆರಿಸಿ. ಪಿನ್ ಹಾಕದೆ ಬೇರೆ ಆ್ಯಪ್‌ಗೆ ಹೋಗಲು ಆಗುವುದಿಲ್ಲ. ಅಂಗಡಿಯ ಪೇಮೆಂಟ್ ಆ್ಯಪ್‌ಗಳೂ ಸೇಫ್. ಆದರೆ ಯೂಟ್ಯೂಬನ್ನೇ ಪಿನ್ ಮಾಡಿ ಕೊಟ್ಟರೆ ಪಾಠದ ಬದಲು ಶಾರ್ಟ್ಸ್ ನೋಡುವುದನ್ನು ಇದು ತಡೆಯದು. ಸ್ಕ್ರೀನ್ ಲಾಕ್ ಪಿನ್ ಮಗಳಿಗೆ ಗೊತ್ತಿದ್ದರೆ ಇದೂ ಉಪಯೋಗಕ್ಕೆ ಬರುವುದಿಲ್ಲ.

ಈ ಒಂದು ಪರ್ಮಿಷನ್ ಬಗ್ಗೆ ಎಚ್ಚರ

ಪ್ಲೇ ಸ್ಟೋರ್‌ನಲ್ಲಿ ಬ್ಲಾಕರ್ ಎಂದು ಹುಡುಕಿದರೆ ಬೇರೆ ಕಂಪನಿಗಳ ಆ್ಯಪ್‌ಗಳು ಸಾಲುಗಟ್ಟಿ ಬರುತ್ತವೆ. ಇವುಗಳಲ್ಲಿ ಹಲವು Accessibility ಪರ್ಮಿಷನ್ ಕೇಳುತ್ತವೆ. ಯಾವ ಆ್ಯಪ್ ತೆರೆದಿದೆ ಎಂದು ತಿಳಿಯಲು ಅವುಗಳಿಗೆ ಅದು ಬೇಕಾಗಬಹುದು, ನಿಜ. ಆದರೆ ಅದೇ ಪರ್ಮಿಷನ್‌ನಿಂದ ಪರದೆಯ ಮೇಲಿನ ಬರಹ ಓದಲೂ, ನಿಮ್ಮ ಪರವಾಗಿ ಬಟನ್ ಒತ್ತಲೂ ಸಾಧ್ಯ. ವಂಚಕರು ದುರ್ಬಳಕೆ ಮಾಡುವುದೂ ಇದನ್ನೇ. ಬ್ಯಾಂಕ್, ಯುಪಿಐ ಆ್ಯಪ್ ಇರುವ ಫೋನ್‌ಗೆ ಇಂಥದ್ದು ಬೇಡ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಎಪಿಕೆ ಫೈಲ್ ಅಂತೂ ಯಾವ ಫೋನಿಗೂ ಬೇಡವೇ ಬೇಡ.

ವಾರಕ್ಕೊಮ್ಮೆ ಹತ್ತು ನಿಮಿಷ

ಒಮ್ಮೆ ಹಾಕಿ ಮರೆತರೆ ಯಾವ ಬೀಗವೂ ನಿಲ್ಲದು. ಭಾನುವಾರ ಮಗ, ಮಗಳ ಜೊತೆಗೇ ಕೂತು Dashboard ತೆರೆದು, ಯಾವುದು ಇಳಿದಿದೆ, ಅದರ ಬದಲು ಯಾವುದು ಏರಿದೆ ಎಂದು ನೋಡಿ. ಪಾಠದ ವಿಡಿಯೊಗೆ 45 ನಿಮಿಷ ಸಾಲುತ್ತಿಲ್ಲ ಎಂದರೆ Family Link ನಲ್ಲೇ ಆ ಮಿತಿಯನ್ನು ಹೆಚ್ಚಿಸಬಹುದು. ಮಿತಿಯನ್ನು ಪರೀಕ್ಷೆಯ ಹಿಂದಿನ ದಿನ ದಿಢೀರನೆ ಹೇರುವ ಬದಲು ಕೆಲವು ವಾರ ಮೊದಲೇ ಶುರು ಮಾಡಿ. ಹಿತ್ತಿಲ ಬಾಗಿಲುಗಳು ಯಾವುವು ಎಂದು ಗೊತ್ತಾಗಲು ಒಂದೆರಡು ವಾರವಾದರೂ ಬೇಕು.