ಮಧ್ಯವಯಸ್ಸಿನ ನಂತರದ ಎತ್ತರದ ಇಳಿಕೆ
ಮಧ್ಯವಯಸ್ಸಿನ ನಂತರ ದೇಹದ ಎತ್ತರ ನಿಧಾನವಾಗಿ ಕಡಿಮೆಯಾಗಲು ಬೆನ್ನುಮೂಳೆಯ ಬದಲಾವಣೆಗಳು ಮುಖ್ಯ ಕಾರಣ. ಕಶೇರುಕಗಳ ನಡುವಿನ ಡಿಸ್ಕ್‌ಗಳು ನೀರಿನಂಶ ಕಳೆದುಕೊಂಡು ತೆಳುವಾಗುವುದು ವಯೋಸಹಜ. ಆದರೆ ಆಸ್ಟಿಯೊಪೊರೋಸಿಸ್‌ನಿಂದ ದುರ್ಬಲಗೊಂಡ ಕಶೇರುಕವು ಬಾಗಿದಾಗ ಅಥವಾ ಕೆಮ್ಮಿದಾಗಲೂ ಕುಸಿಯಬಹುದು. ಇದನ್ನು ಸಂಕೋಚನ ಮುರಿತ ಎನ್ನುತ್ತಾರೆ. ಸಾಮಾನ್ಯವಾಗಿ ಮುಂಭಾಗವೇ ಹೆಚ್ಚು ಕುಸಿಯುವುದರಿಂದ ಕಶೇರುಕವು ಬೆಣೆಯಾಕಾರ ತಾಳಿ, ಬೆನ್ನು ಗೂನಾಗುತ್ತದೆ.

ಇಂತಹ ಅನೇಕ ಮುರಿತಗಳು ಗಮನಕ್ಕೆ ಬಾರದೆ ಆಗುವುದರಿಂದ ಎತ್ತರದ ಇಳಿಕೆಯೇ ಮೊದಲ ಸುಳಿವಾಗಬಹುದು. ಉದಾಹರಣೆಗೆ, ಯೌವನದಲ್ಲಿ 158 ಸೆಂ.ಮೀ. ಎತ್ತರವಿದ್ದ ಮಹಿಳೆ 70ನೇ ವಯಸ್ಸಿನಲ್ಲಿ 153 ಸೆಂ.ಮೀ. ಇದ್ದರೆ, ಇಳಿಕೆ 5 ಸೆಂ.ಮೀ. ಆಗುತ್ತದೆ. ಸಾಮಾನ್ಯವಾಗಿ 4 ಸೆಂ.ಮೀ. ಅಥವಾ ಹೆಚ್ಚಿನ ಇಳಿಕೆಯಿದ್ದಲ್ಲಿ ಬೆನ್ನಿನ ಪಾರ್ಶ್ವ ಎಕ್ಸ್-ರೇಯಿಂದ ಮುರಿತವನ್ನು ಪರಿಶೀಲಿಸಲಾಗುತ್ತದೆ. ಸಂಜೆಯ ವೇಳೆಗೆ ಎತ್ತರವು ಸುಮಾರು 1 ಸೆಂ.ಮೀ. ತಗ್ಗುವುದರಿಂದ, ಹೋಲಿಸುವ ಅಳತೆಗಳನ್ನು ದಿನದ ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು.