ಹಸ್ತಾಂತರ ಮತ್ತು ವಿಶೇಷ ನ್ಯಾಯಮಂಡಳಿ: ಹಿಸೆನ್ ಹಬ್ರೆ ಪ್ರಕರಣ

ಆಫ್ರಿಕಾದ ಚಾಡ್ ದೇಶವನ್ನು 1982ರಿಂದ 1990ರವರೆಗೆ ಆಳಿದ ಹಿಸೆನ್ ಹಬ್ರೆ, ಪದಚ್ಯುತನಾದ ಮೇಲೆ ಸೆನೆಗಲ್‌ನ ರಾಜಧಾನಿ ಡಾಕಾರ್‌ ಸೇರಿ ಅಲ್ಲೇ ನೆಲೆಸಿದ. ಫ್ರೆಂಚರ ಕಾಲದ ಈಜುಕೊಳವೊಂದಕ್ಕೆ ಕಾಂಕ್ರೀಟ್ ಮುಚ್ಚಿಗೆ ಹಾಕಿ, ಅದನ್ನೇ ಸೆರೆಮನೆ ಮಾಡಿಕೊಂಡಿದ್ದ ಗುಪ್ತ ಪೊಲೀಸ್ ದಳ ಅವನದು. ಅವನ ಆಡಳಿತದಲ್ಲಿ ಸುಮಾರು 40,000 ಜನ ಸತ್ತರೆಂದು ಚಾಡ್‌ನ ವಿಚಾರಣಾ ಆಯೋಗ 1992ರಲ್ಲಿ ಅಂದಾಜಿಸಿತು.

ಸಂತ್ರಸ್ತರು 2000ದಲ್ಲಿ ಡಾಕಾರ್‌ನಲ್ಲೇ ದೂರು ಕೊಟ್ಟರು. ವಿದೇಶದಲ್ಲಿ ನಡೆದ ಚಿತ್ರಹಿಂಸೆಯನ್ನು ವಿಚಾರಿಸುವ ಅಧಿಕಾರ ತಮಗಿಲ್ಲವೆಂದು ಅಲ್ಲಿನ ಮೇಲಿನ ನ್ಯಾಯಾಲಯಗಳು ಕೈಚೆಲ್ಲಿದವು. ದೂರು ಬೆಲ್ಜಿಯಂಗೆ ಹೋಯಿತು. 2005ರಲ್ಲಿ ಬೆಲ್ಜಿಯಂ ಬಂಧನದ ವಾರಂಟ್ ಹೊರಡಿಸಿ ಹಬ್ರೆಯನ್ನು ಒಪ್ಪಿಸುವಂತೆ ಕೇಳಿತು. ಮಾಜಿ ರಾಷ್ಟ್ರಾಧ್ಯಕ್ಷನಿಗೆ ರಕ್ಷಣೆಯಿದೆ ಎಂಬ ಕಾರಣಕ್ಕೆ ಡಾಕಾರ್‌ನ ನ್ಯಾಯಾಲಯ ಆ ಕೋರಿಕೆಯನ್ನು ಮುಟ್ಟಲೇ ಇಲ್ಲ. ವಿಚಾರಣೆಯೂ ಇಲ್ಲ, ಹಸ್ತಾಂತರವೂ ಇಲ್ಲ: ಆರೋಪಿ ಇದ್ದಲ್ಲೇ ಇದ್ದ.

ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿದ ದೇಶಕ್ಕೆ ಹೀಗೆ ಸುಮ್ಮನಿರಲು ಅವಕಾಶವಿಲ್ಲ. ತನ್ನ ನೆಲದಲ್ಲಿ ಸಿಕ್ಕ ಆರೋಪಿಯನ್ನು ಅದು ಬೇರೆ ದೇಶಕ್ಕೆ ಒಪ್ಪಿಸಬೇಕು, ಇಲ್ಲವೇ ತಾನೇ ವಿಚಾರಣೆಗೆ ಒಳಪಡಿಸಬೇಕು. ಬೆಲ್ಜಿಯಂ 2009ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದದ್ದು ಈ ಮಾತು ಹಿಡಿದೇ. 2012ರ ಜುಲೈ 20ರ ತೀರ್ಪು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಿಲ್ಲ. ಹಸ್ತಾಂತರ ದೇಶದ ಮುಂದಿರುವ ಆಯ್ಕೆ ಮಾತ್ರ, ಪ್ರಕರಣವನ್ನು ವಿಚಾರಣೆಗೆ ಒಪ್ಪಿಸುವುದು ಅದರ ಕರ್ತವ್ಯ ಎಂದಿತು. ಇಡೀ ಪ್ರಕರಣದ ತಿರುವು ಇರುವುದು ಇಲ್ಲಿ.

ಆದರೆ ವಿಚಾರಿಸುವುದು ಯಾವ ನ್ಯಾಯಾಲಯ? ಸೆನೆಗಲ್ ತನ್ನ ಕಾನೂನನ್ನು 2007ರಲ್ಲಷ್ಟೇ ತಿದ್ದಿತ್ತು, ಅಪರಾಧಗಳು ಅದಕ್ಕೂ ಹಿಂದಿನವು. ಹಾಗಾಗಿ ಅಂತರರಾಷ್ಟ್ರೀಯ ಸ್ವರೂಪದ ವಿಶೇಷ ಮಂಡಳಿಯೇ ಬೇಕೆಂದು ಪಶ್ಚಿಮ ಆಫ್ರಿಕಾದ ಪ್ರಾದೇಶಿಕ ನ್ಯಾಯಾಲಯ 2010ರಲ್ಲಿ ಹೇಳಿತ್ತು. ಆಫ್ರಿಕನ್ ಒಕ್ಕೂಟದ ಜೊತೆಗಿನ ಒಪ್ಪಂದದಂತೆ, 2013ರಲ್ಲಿ ಸೆನೆಗಲ್‌ನ ನ್ಯಾಯಾಲಯಗಳೊಳಗೇ ವಿಶೇಷ ಪೀಠಗಳು ಕೆಲಸ ಶುರುಮಾಡಿದವು. ವಿಚಾರಣಾ ಪೀಠದ ಅಧ್ಯಕ್ಷರು ಬುರ್ಕಿನಾ ಫಾಸೊದವರು, ಜೊತೆಗಿದ್ದವರು ಸೆನೆಗಲ್‌ನ ನ್ಯಾಯಾಧೀಶರು.

2015ರ ಜುಲೈನಲ್ಲಿ ವಿಚಾರಣೆ ಆರಂಭವಾಯಿತು. ಹಬ್ರೆ ಪೀಠವನ್ನೇ ಒಪ್ಪಲಿಲ್ಲ, ವಕೀಲರೂ ಬಹಿಷ್ಕರಿಸಿದರು. ಪೀಠ ಹೊಸ ವಕೀಲರನ್ನು ನೇಮಿಸಿ, ಕಡತ ಓದಿಕೊಳ್ಳಲು ಅವರಿಗೆ 45 ದಿನ ಕೊಟ್ಟಿತು. ಸಾಕ್ಷಿ ಹೇಳಿದವರು ತೊಂಬತ್ತಕ್ಕೂ ಹೆಚ್ಚು ಮಂದಿ. ಪಾಳುಬಿದ್ದಿದ್ದ ಗುಪ್ತ ಪೊಲೀಸ್ ಕಚೇರಿಯಲ್ಲಿ 2001ರಲ್ಲಿ ಸಿಕ್ಕ ಕಾಗದಗಳಲ್ಲಿ, ಸೆರೆಯಲ್ಲಿ ಸತ್ತ 1,208 ಜನರ ಹೆಸರುಗಳಿದ್ದವು. ಸತ್ತ ಹೊರತು ಯಾವ ಯುದ್ಧಕೈದಿಯೂ ಹೊರಬರಕೂಡದೆಂಬ ಟಿಪ್ಪಣಿಯೊಂದು ಹಬ್ರೆಯದೇ ಕೈಬರಹವೆಂದು ತಜ್ಞರು ಗುರುತಿಸಿದರು. ಯುದ್ಧಾಪರಾಧದ ಆರೋಪಕ್ಕೆ ಇಷ್ಟು ನೇರವಾದ ಪುರಾವೆ ಸಿಗುವುದು ಅಪರೂಪ; ಆಳುವವರು ಸಾಮಾನ್ಯವಾಗಿ ಇಂಥದ್ದನ್ನು ಬರೆದಿಡುವುದಿಲ್ಲ.

2016ರ ಮೇ 30ರಂದು ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ ಮತ್ತು ಚಿತ್ರಹಿಂಸೆಗಾಗಿ ಜೀವಾವಧಿ ಶಿಕ್ಷೆಯಾಯಿತು. ಸ್ವತಃ ಅತ್ಯಾಚಾರ ಎಸಗಿದ ಆರೋಪವನ್ನು ಮೇಲ್ಮನವಿ ಪೀಠ ಮುಂದಿನ ವರ್ಷ ಕೈಬಿಟ್ಟಿತು. ಆ ಸಾಕ್ಷ್ಯ ಬಂದದ್ದು ಆರೋಪಪಟ್ಟಿ ಸಿದ್ಧವಾದ ಮೇಲೆ. ಶಿಕ್ಷೆ ಮಾತ್ರ ಉಳಿಯಿತು. ಸಂತ್ರಸ್ತರಿಗೆ 8,200 ಕೋಟಿ ಸಿಎಫ್‌ಎ ಫ್ರಾಂಕ್ ಪರಿಹಾರವೂ ನಿಗದಿಯಾಯಿತು. 2021ರ ಆಗಸ್ಟ್‌ನಲ್ಲಿ ಹಬ್ರೆ ಕೋವಿಡ್‌ನಿಂದ ಸತ್ತಾಗ, ಅದರಲ್ಲಿ ಒಂದು ಫ್ರಾಂಕ್ ಕೂಡ ಅವರ ಕೈ ಸೇರಿರಲಿಲ್ಲ.